ಕಾಂಪೌಂಡು, ಗೇಟು, ಬೋರು: ಮನೆಗೆ ಪಾಲಿಸಿ ಇದೆ ಅಂತ ನಂಬಿಕೊಂಡವರು ಒಮ್ಮೆ ಆ ಕಾಗದ ತೆಗೆದು ನೋಡಿ

ನಮ್ಮ ಮನೆ ಇರುವುದು ಬಳ್ಳಾರಿಯಲ್ಲಿ, ಸಿರುಗುಪ್ಪ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ. 40-60ರ ಸೈಟು. ನಡುವೆ ಮನೆ, ಸುತ್ತ ಕಾಂಪೌಂಡು, ಹಿಂದೆ ಬೋರು, ಪಕ್ಕದಲ್ಲಿ ಅಮ್ಮ ಬೆಳೆಸಿದ ಗಿಡಗಳು. ಮನೆ ಸಾಲ ತೆಗೆದುಕೊಂಡಾಗ ಬ್ಯಾಂಕಿನವರೇ ಒಂದು ವಿಮೆ ಮಾಡಿಸಿದ್ದರು. ಇಪ್ಪತ್ತು ಲಕ್ಷದ ಪಾಲಿಸಿ. ಎಲ್ಲಾ ಅದರಲ್ಲೇ ಬರುತ್ತೆ ಅಂದುಕೊಂಡು ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ.

ಕಳೆದ ಮೇ ತಿಂಗಳ ಒಂದು ಸಂಜೆ ಬಿರುಗಾಳಿ ಎದ್ದಿತು. ನಮ್ಮ ಕಡೆ ಬೇಸಿಗೆಯ ಕೊನೆಗೆ ಹೀಗೆ ಆಗೋದು ಎಲ್ಲರಿಗೂ ಗೊತ್ತು. ಮೊದಲು ಕೆಂಪು ಧೂಳು, ಆಮೇಲೆ ಗುಡುಗು, ಆಮೇಲೆ ಒಮ್ಮೆಲೇ ಸುರಿಯುವ ಮಳೆ. ಎದುರಿನ ರಸ್ತೆ ಬದಿಯ ಬೇವಿನ ಮರ ಬುಡಸಮೇತ ಉರುಳಿ ಮುಂದಿನ ಕಾಂಪೌಂಡು ಮತ್ತು ಗೇಟಿನ ಮೇಲೆ ಬಿತ್ತು. ಅದರ ಒಂದು ಕೊಂಬೆ ಕಿಟಕಿ ಮತ್ತು ಸಜ್ಜಾಕ್ಕೆ ಬಡಿಯಿತು. ಬೈಕು ನಿಲ್ಲಿಸುವ ಶೆಡ್ಡಿನ ತಗಡು ಹಾರಿ ಹೋದವು. ಎಲ್ಲೋ ಹತ್ತಿರದಲ್ಲೇ ಸಿಡಿಲು ಬಡಿದು ಬೋರಿನ ಸ್ಟಾರ್ಟರ್ ಪೆಟ್ಟಿಗೆ ಕರಕಲಾಯಿತು, ಮೋಟಾರು ಕೂಡ ಸುಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಕಾಂಪೌಂಡೂ ಮೂವತ್ತು ಅಡಿಯಷ್ಟು ಮಲಗಿತ್ತು. ಅಲ್ಲಿ ಯಾವ ಮರವೂ ಬಿದ್ದಿರಲಿಲ್ಲ.

ಎಲ್ಲಾ ಸರಿ ಮಾಡಿಸಲು ಹಿಡಿದದ್ದು ಸುಮಾರು ಒಂದು ಲಕ್ಷ 60 ಸಾವಿರ. ವಿಮೆಯಿಂದ ಕೈಗೆ ಬಂದದ್ದು 11,730 ರೂಪಾಯಿ. ಯಾರೂ ಮೋಸ ಮಾಡಿದ್ದಲ್ಲ, ಎಲ್ಲಾ ಪಾಲಿಸಿಯಲ್ಲೇ ಬರೆದಿತ್ತು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದು ಮುಂದಿನ ಕಾಂಪೌಂಡು ಮತ್ತು ಗೇಟು. 2021ರ ಏಪ್ರಿಲ್‌ನಿಂದ ಮನೆಗಳಿಗೆ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಒಂದೇ ಮಾದರಿಯ ಪಾಲಿಸಿ ಇದೆ, ಹೆಸರು ಭಾರತ್ ಗೃಹ ರಕ್ಷಾ. ನಮ್ಮದೂ ಅದೇ. ಅದರಲ್ಲಿ ಮನೆ ಕಟ್ಟಡ ಅಂದರೆ ಏನು ಅಂತ ಹೇಳುವ ಕಡೆ ಕಾಂಪೌಂಡು ಗೋಡೆ, ಬೇಲಿ, ಗೇಟು, ಗ್ಯಾರೇಜು, ವರಾಂಡ, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ಸೋಲಾರ್ ಫಲಕ, ಒಳಗಿನ ದಾರಿ ಎಲ್ಲವೂ ಇವೆ. ಇವನ್ನು 'ಹೆಚ್ಚುವರಿ ರಚನೆಗಳು' ಅಂತ ಕರೆಯುತ್ತಾರೆ. ಮರ ಬಿದ್ದು ಆದ ಹಾನಿಗೂ ರಕ್ಷಣೆ ಇದೆ. ಇದನ್ನು ಓದಿದಾಗ ನನಗೆ ಧೈರ್ಯ ಬಂತು.

ಆದರೆ ವಿಮೆಯ ಮೊತ್ತ ಲೆಕ್ಕ ಹಾಕುವ ರೀತಿ ಬೇರೆ. ಮುಖ್ಯ ಮನೆಗೆ ಕಾರ್ಪೆಟ್ ಏರಿಯಾವನ್ನು ಈಗಿನ ಕಟ್ಟುವ ದರದಿಂದ ಗುಣಿಸುತ್ತಾರೆ. ನಮ್ಮದು ಸಾವಿರ ಚದರ ಅಡಿ, ದರ ಎರಡು ಸಾವಿರ, ಹಾಗಾಗಿ ಇಪ್ಪತ್ತು ಲಕ್ಷ. ಕಾರ್ಪೆಟ್ ಏರಿಯಾ ಅಂದರೆ ಒಳಗಿನ ನೆಲ ಮಾತ್ರ, ಕಾಂಪೌಂಡು ಅದರಲ್ಲಿ ಎಲ್ಲಿಂದ ಬರಬೇಕು? ಹೆಚ್ಚುವರಿ ರಚನೆಗಳ ಬೆಲೆಯನ್ನು ನಾವೇ ಬೇರೆಯಾಗಿ ಹೇಳಬೇಕು, ಕಂಪನಿ ಒಪ್ಪಬೇಕು, ಅದು ಇಪ್ಪತ್ತು ಲಕ್ಷದ ಮೇಲೆ ಸೇರಬೇಕು. ನಮ್ಮ ಅರ್ಜಿಯಲ್ಲಿ ಆ ಸಾಲಿನ ಮುಂದೆ ಸೊನ್ನೆ ಇತ್ತು. ಬ್ಯಾಂಕಿನ ಕಡೆಯವರು ತುಂಬಿದ್ದು, ಆದರೆ ಕೆಳಗಿದ್ದದ್ದು ನನ್ನ ಸಹಿ. ಹಾನಿ ಎಷ್ಟು ಅಂತ ನೋಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಆ ಕಾಗದ ತೋರಿಸಿ, "ನೋಡಿ ಸರ್, ಇಲ್ಲಿ ಬೆಲೆ ಸೊನ್ನೆ ಇದ್ದರೆ ನಾನು ಯಾವ ಮೊತ್ತದ ಒಳಗೆ ಕೊಡಿಸಲಿ?" ಅಂದರು. ಮಾತು ಮೆತ್ತಗೇ ಇತ್ತು, ಆದರೂ ಹೊಟ್ಟೆ ತಣ್ಣಗಾಯಿತು.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಈ ಪಾಲಿಸಿಯಲ್ಲಿ ಅದೇ ಪ್ರಮಾಣದಲ್ಲಿ ಪರಿಹಾರ ಕಡಿತ ಮಾಡುವುದಿಲ್ಲ. ಅದು ಒಳ್ಳೆಯ ಷರತ್ತು. ಆದರೆ ಸೊನ್ನೆಗೆ ಅದರಿಂದ ಏನೂ ಉಪಯೋಗವಿಲ್ಲ. ಮುಂದಿನ ಕಾಂಪೌಂಡು 26 ಅಡಿ, ಗೇಟಿನ ರಿಪೇರಿ, ಶೆಡ್ಡಿನ ತಗಡು, ಮೂರೂ ಇದೇ ಕಾರಣಕ್ಕೆ ಹೋದವು. ಕಿಟಕಿ ಮತ್ತು ಸಜ್ಜಾ ಮುಖ್ಯ ಮನೆಯ ಭಾಗ, ಅದಕ್ಕೆ 11,500 ಬಂತು. ಮರ ಕಡಿಸಿ ಸಾಗಿಸಲು ನಾನು ಕೊಟ್ಟದ್ದು ಆರು ಸಾವಿರ. ಅವಶೇಷ ತೆಗೆಯುವ ಖರ್ಚು ಪರಿಹಾರದ ಮೊತ್ತದ ಶೇಕಡಾ 2ರವರೆಗೆ ಮಾತ್ರ. ಹಾಗಾಗಿ 230 ರೂಪಾಯಿ.

ಹಿಂದಿನ ಕಾಂಪೌಂಡಿನ ಕಥೆ ಬೇರೆ. ಎರೆ ಮಣ್ಣಿನ ಮೇಲೆ ಮನೆ ಕಟ್ಟಿದವರು ಇದನ್ನು ನಿಧಾನವಾಗಿ ಓದಿ. ಬೆಲೆ ತೋರಿಸಿದ್ದರೂ ಇದಕ್ಕೆ ದುಡ್ಡು ಬರುತ್ತಿರಲಿಲ್ಲ.

ಸರ್ವೇಯರ್ ಬಿದ್ದ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಎರಡು ಇಟ್ಟಿಗೆ ತುಂಡು ಕೈಗೆತ್ತಿಕೊಂಡರು. ಒಂದರ ಮುರಿದ ಮುಖ ಕೆಂಪಗೆ, ಸ್ವಚ್ಛವಾಗಿತ್ತು. ಇನ್ನೊಂದರ ಮುಖದ ಮೇಲೆ ಧೂಳು ಕಟ್ಟಿ ಕಪ್ಪಾಗಿತ್ತು, ಅಂಚಿಗೆ ಸುಣ್ಣದ ನೀರು ಇಳಿದು ಒಣಗಿದ ಗೆರೆ ಇತ್ತು, ಒಳಗೆ ಜೇಡರ ಬಲೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಸ್ಕೇಲು ಇಟ್ಟು ಫೋಟೊ ತೆಗೆದರು. "ಇದು ನಿನ್ನೆ ಮೊನ್ನೆ ಆದ ಬಿರುಕಲ್ಲ. ಹೋದ ವರ್ಷ ಸುಣ್ಣ ಹೊಡೆಸುವಾಗಲೇ ಇತ್ತು" ಅಂದರು. ನಿಜ. ಆ ಬಿರುಕು ನನಗೂ ಗೊತ್ತಿತ್ತು. ಬಳ್ಳಾರಿಯಲ್ಲಿ ಯಾರ ಕಾಂಪೌಂಡಿನಲ್ಲಿ ಬಿರುಕಿಲ್ಲ ಹೇಳಿ ಅಂತ ಬಿಟ್ಟಿದ್ದೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತೆ. ಮನೆಯ ಭಾರಕ್ಕೆ ಅದು ಸ್ವಲ್ಪ ತಡೆದುಕೊಳ್ಳುತ್ತೆ. ಕಾಂಪೌಂಡು ಹಗುರ, ಅದರ ಪಾಯವನ್ನು ಮಣ್ಣು ಎತ್ತಿ ಇಳಿಸಿ ಮಾಡುತ್ತಲೇ ಇರುತ್ತೆ. ಜೊತೆಗೆ ನಮ್ಮ ಹಿಂದಿನ ಸೈಟಿನವರು ಮಣ್ಣು ತುಂಬಿಸಿ ನೆಲ ಎತ್ತರಿಸಿದ್ದರು. ಅಂದು ಅಲ್ಲಿ ನಿಂತ ನೀರಿಗೆ ಹೋಗಲು ದಾರಿ ಇರಲಿಲ್ಲ, ಒದ್ದೆ ಮಣ್ಣು ಗೋಡೆಯನ್ನು ನೂಕಿತು.

ಪಾಲಿಸಿಯಲ್ಲಿ ನೆಲ ಕುಸಿತಕ್ಕೆ ರಕ್ಷಣೆ ಇದೆ. ಆದರೆ ಅದರ ಪಕ್ಕದಲ್ಲೇ ಬಿಟ್ಟದ್ದರ ಪಟ್ಟಿಯೂ ಇದೆ: ಸಹಜವಾಗಿ ಬರುವ ಬಿರುಕು, ಹೊಸ ಕಟ್ಟಡ ಕೂರುವುದು, ತುಂಬಿದ ಮಣ್ಣು ಸರಿಯುವುದು, ಕೆಟ್ಟ ವಿನ್ಯಾಸ, ಕೆಟ್ಟ ಕೆಲಸ, ಅಗೆತ. ನಾನು "ಮಳೆಯಿಂದ ಬಿತ್ತು" ಅಂದೆ. ಅವರು "ಗಾಳಿಗೆ ಬಿದ್ದಿದ್ದರೆ ಮುಂದಿನ ಗೋಡೆಯಂತೆ ಹೊಸ ಮುರಿತ ಇರುತ್ತಿತ್ತು, ಇದು ಮಣ್ಣಿನಿಂದ, ಪಾಯದಿಂದ ಬಿದ್ದದ್ದು" ಅಂತ ವರದಿ ಬರೆದರು. ಪಾಯ ಅಗೆದು ನೋಡಿದರೆ ಒಂದೂವರೆ ಅಡಿ. ಗೋಡೆ ಮತ್ತೆ ಕಟ್ಟಲು ಬಂದ ಗೌಂಡಿ ಅದನ್ನು ನೋಡಿ, "ಎರಿ ನೆಲದಾಗ ಇಷ್ಟ ಪಾಯ ಹಾಕಿದ್ರ ಗ್ವಾಡಿ ಹೆಂಗ್ ನಿಲ್ತೈತ್ರೀ ಸರ" ಅಂದ.

ಇನ್ನು ಬೋರು. ನನಗೆ ಜಾಸ್ತಿ ಸಂಕಟ ಆದದ್ದು ಇಲ್ಲೇ. ಸಿಡಿಲು ಪಾಲಿಸಿಯ ಮೊದಲ ಪುಟದಲ್ಲೇ ರಕ್ಷಣೆ ಇರುವ ಅಪಾಯ. ಹಾಗಿದ್ದರೆ ಸಿಡಿಲಿಗೆ ಸುಟ್ಟ ಮೋಟಾರಿಗೆ ದುಡ್ಡು ಬರಬೇಕಲ್ವಾ? ಬರಲ್ಲ. ಮುಂದಿನ ಪುಟಗಳಲ್ಲಿ ಇನ್ನೊಂದು ಸಾಲಿದೆ. ವಿದ್ಯುತ್ ಯಂತ್ರಕ್ಕೆ ಶಾರ್ಟ್ ಸರ್ಕ್ಯೂಟಿನಿಂದ, ಅತಿಯಾದ ಒತ್ತಡದಿಂದ, ವಿದ್ಯುತ್ ಸೋರಿಕೆಯಿಂದ ಆದ ಹಾನಿಗೆ ರಕ್ಷಣೆ ಇಲ್ಲ, ಅದಕ್ಕೆ ಕಾರಣ ಸಿಡಿಲೇ ಆದರೂ ಇಲ್ಲ. ಈ ಹೊರಗಿಡುವಿಕೆ ಆ ಒಂದು ಯಂತ್ರಕ್ಕೆ ಮಾತ್ರ. ಸ್ಟಾರ್ಟರಿನಿಂದ ಬೆಂಕಿ ಹಬ್ಬಿ ಪಕ್ಕದ ಕೋಣೆ ಸುಟ್ಟಿದ್ದರೆ ಕೋಣೆಗೆ ಬರುತ್ತಿತ್ತು, ಸ್ಟಾರ್ಟರಿಗೆ ಬರುತ್ತಿರಲಿಲ್ಲ. ಮೆಕ್ಯಾನಿಕ್ ಮೋಟಾರು ಬಿಚ್ಚಿ ವೈಂಡಿಂಗ್ ಕಪ್ಪಾಗಿದ್ದನ್ನು ತೋರಿಸಿದಾಗಲೇ ಸರ್ವೇಯರ್ ಪುಸ್ತಕ ಮುಚ್ಚಿದರು.

ಬೋರಿನ ತೂತು ಮತ್ತು ಕೇಸಿಂಗ್ ಪೈಪಿನ ಹೆಸರು ಆ ಹೆಚ್ಚುವರಿ ರಚನೆಗಳ ಪಟ್ಟಿಯಲ್ಲಿ ಇಲ್ಲ. ನೀರಿನ ತೊಟ್ಟಿ ಇದೆ, ಬೋರು ಇಲ್ಲ. ನೀರು ಬತ್ತುವುದು, ಒಳಗೆ ಮಣ್ಣು ಕುಸಿದು ಮೋಟಾರು ಸಿಕ್ಕಿಕೊಳ್ಳುವುದು ಇವು ಬೆಂಕಿ, ಬಿರುಗಾಳಿಯಂಥ ಘಟನೆಗಳೇ ಅಲ್ಲ. ಅದಕ್ಕೆ ಈ ಪಾಲಿಸಿಯನ್ನು ನಂಬಬೇಡಿ.

ಇನ್ನೊಂದು ಆಯಿತು. ಮೇಲೆ ಎತ್ತಿದ ಪೈಪು, ಕೇಬಲ್ಲನ್ನು ಮೆಕ್ಯಾನಿಕ್ ಅಂಗಳದಲ್ಲೇ ಬಿಟ್ಟು ಹೋಗಿದ್ದ. ಗೋಡೆ ಬಿದ್ದಿತ್ತಲ್ಲ, ಮೂರನೇ ರಾತ್ರಿ ತಾಮ್ರದ ಕೇಬಲ್ಲನ್ನು ಯಾರೋ ಹೊತ್ತುಕೊಂಡು ಹೋದರು. ಇಂಥ ಘಟನೆ ಆದ ಏಳು ದಿನದೊಳಗಿನ ಕಳವಿಗೆ ಪಾಲಿಸಿಯಲ್ಲಿ ರಕ್ಷಣೆ ಇದೆ, ಆದರೆ ಮನೆಯ ಹೊರಗಿನ ವಸ್ತುವಿಗೆ ಇಲ್ಲ. ಕೇಬಲ್ಲನ್ನು ಒಳಗೆ ತಂದು ಇಟ್ಟಿದ್ದರೆ ಹನ್ನೆರಡು ಸಾವಿರ ಉಳಿಯುತ್ತಿತ್ತು.

ಅಮ್ಮನ ಮಲ್ಲಿಗೆ ಬಳ್ಳಿ, ನುಗ್ಗೆ, ಪೇರಲ ಗಿಡ ಎಲ್ಲಾ ಮರದ ಅಡಿ ಸಿಕ್ಕಿ ಹೋದವು. ಗಿಡಮರಗಳು ಕಟ್ಟಡವೂ ಅಲ್ಲ, ಮನೆ ಸಾಮಾನೂ ಅಲ್ಲ. ಅದನ್ನು ನಾನು ಕೇಳಲೂ ಇಲ್ಲ. ಅಮ್ಮ ಮಾತ್ರ ಇವತ್ತಿಗೂ ಆ ಜಾಗಕ್ಕೆ ಹೋಗಿ ನಿಲ್ಲುತ್ತಾರೆ.

ಕಂಪನಿಗೆ ದೂರು ಕೊಟ್ಟೆ, ಅದೇ ಉತ್ತರ ಬಂತು. ನನ್ನ ಸಹಿಯ ಮೇಲೆ ಸೊನ್ನೆ ಇದ್ದದ್ದರಿಂದ ನಾನು ಅಲ್ಲಿಗೇ ಬಿಟ್ಟೆ. ನಿಮ್ಮ ಅರ್ಜಿಯಲ್ಲಿ ಬೆಲೆ ತೋರಿಸಿದ್ದರೂ ಕಂಪನಿ ದುಡ್ಡು ಕೊಡಲ್ಲ ಅಂದರೆ ಬಿಡಬೇಡಿ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ತಿರಸ್ಕರಿಸಿದರೆ, ಅಥವಾ ಒಂದು ತಿಂಗಳು ಉತ್ತರ ಬರದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ದಿನದಿಂದ ಒಂದು ವರ್ಷದ ಒಳಗೆ ಹೋಗಬೇಕು.

ಈ ವರ್ಷ ನವೀಕರಣಕ್ಕೆ ಮೊದಲು ನಾನು ಟೇಪು ಹಿಡಿದು ಕಾಂಪೌಂಡು ಅಳೆದೆ. ಸುತ್ತಳತೆ 200 ಅಡಿ, ಗೇಟು 12 ಅಡಿ ಕಳೆದರೆ 188. ಅಡಿಗೆ 1,100ರಂತೆ ಎರಡು ಲಕ್ಷದ ಮೇಲಾಯಿತು. ಗೇಟು, ಶೆಡ್ಡು, ಸಂಪು, ಸೆಪ್ಟಿಕ್ ಟ್ಯಾಂಕು, ಅಂಗಳದ ಶಹಾಬಾದ್ ಕಲ್ಲು ಎಲ್ಲಾ ಸೇರಿ ನಾಲ್ಕು ಲಕ್ಷ. ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆಸಿದೆ. ಪ್ರೀಮಿಯಂ ಹೆಚ್ಚಾಗಿದ್ದು ಇನ್ನೂರು ರೂಪಾಯಿಯ ಒಳಗೆ. ಪಾಲಿಸಿ ಕೈಗೆ ಬಂದ ಮೇಲೆ ಆ ಬೆಲೆಗಳು ಅದರಲ್ಲಿ ಅಚ್ಚಾಗಿವೆಯಾ ಅಂತ ನೋಡಿದೆ. ಅರ್ಜಿಯಲ್ಲಿ ಬರೆದರೆ ಸಾಲದು, ಪಾಲಿಸಿಯ ಷೆಡ್ಯೂಲಿನಲ್ಲಿ, ಅಂದರೆ ವಿಮೆಯ ಮೊತ್ತಗಳ ಪಟ್ಟಿಯಲ್ಲಿ, ಬರಬೇಕು.

ಮೋಟಾರಿಗೆ ಬೇರೆ ದಾರಿ. ಕೆಲವು ಕಂಪನಿಗಳು ಮನೆಯ ವಿದ್ಯುತ್ ಉಪಕರಣ ಕೆಟ್ಟರೆ ಕೊಡುವ ಹೆಚ್ಚುವರಿ ರಕ್ಷಣೆ ಮಾರುತ್ತವೆ. ಕೊಳ್ಳುವ ಮೊದಲು "ಮನೆಯ ಹೊರಗೆ, ಬೋರಿನೊಳಗಿರುವ ಸಬ್‌ಮರ್ಸಿಬಲ್ ಮೋಟಾರು ಇದರಲ್ಲಿ ಬರುತ್ತಾ? ಮೇಲೆತ್ತುವ ಕೂಲಿ ಬರುತ್ತಾ?" ಅಂತ ಇಮೇಲಿನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಸರ್ವೇಯರ್ ಮುಂದೆ ನಿಲ್ಲುವುದಿಲ್ಲ.

ಹಿಂದಿನ ಗೋಡೆಗೆ ಈ ಸಲ ಪಾಯ ನಾಲ್ಕು ಅಡಿ ತೆಗೆಸಿ, ಎರೆ ಮಣ್ಣು ಎತ್ತಿಸಿ ಗರಸು ತುಂಬಿಸಿದೆ. ನಡುನಡುವೆ ಸಿಮೆಂಟಿನ ಕಂಬ, ಕೆಳಗೆ ನೀರು ಹೋಗಲು ಪೈಪಿನ ತೂತುಗಳನ್ನೂ ಬಿಡಿಸಿದೆ. ಗೋಡೆ ಮುಗಿದ ದಿನ ಟೇಪನ್ನು ಪಕ್ಕಕ್ಕೆ ಹಿಡಿದು ಉದ್ದಕ್ಕೂ ಫೋಟೊ ತೆಗೆದೆ, ಎಲ್ಲೂ ಬಿರುಕಿಲ್ಲ ಅಂತ ಕಾಣುವ ಹಾಗೆ. ಆ ಫೋಟೊಗಳು ಈಗ ಪಾಲಿಸಿಯ ಜೊತೆಗೇ ಇವೆ. ಪ್ರತಿ ದೀಪಾವಳಿಗೆ ಸುಣ್ಣ ಹೊಡೆಸುವ ಮೊದಲು ಇನ್ನೊಮ್ಮೆ ತೆಗೆಯುತ್ತೇನೆ.