ಮೆಸೇಜಿಗೆ ಇಷ್ಟು ಅಂತ ದುಡ್ಡು ಕೊಟ್ಟು ‘ಕೆಲಸ ಇಲ್ಲ’ ಅಂತ ಬರೆಸಬೇಡಿ, ನಾನು ಬರೆಸಿ ಮರ್ಯಾದೆ ಕಳೆದುಕೊಂಡೆ

ಬರೆಯಲಿಕ್ಕೇ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಬೀಳಬಾರದು.

ನಾನು ಕಾಸರಗೋಡಿನಲ್ಲಿ ಫ್ಯಾನು, ಮಿಕ್ಸಿ, ಫ್ರಿಜ್ಜು ಮಾರುವ ಒಂದು ಅಂಗಡಿಯ ಲೆಕ್ಕ ನೋಡುವವನು. ಉಪ್ಪಳದಲ್ಲಿ ಇನ್ನೊಂದು ಅಂಗಡಿ ತೆರೆಯುವುದಿತ್ತು. ಬಿಲ್ಲಿಂಗಿಗೆ 3 ಜನ ಬೇಕಿತ್ತು. ಅರ್ಜಿ ಬಂದದ್ದು 47. ಇಂಟರ್‌ವ್ಯೂಗೆ 16 ಜನರನ್ನು ಕರೆದೆವು, 3 ಜನರನ್ನು ತೆಗೆದುಕೊಂಡೆವು, ಇಬ್ಬರನ್ನು ಕಾಯುವ ಪಟ್ಟಿಯಲ್ಲಿಟ್ಟೆವು. ಒಟ್ಟು 44 ಜನಕ್ಕೆ ‘ಇಲ್ಲ’ ಅಂತ ತಿಳಿಸಬೇಕು.

ನಮ್ಮ ಧಣಿಗಳು ಮೊದಲ ಐದಾರು ಜನಕ್ಕೆ ತಾವೇ ವಾಟ್ಸಾಪ್ ಮಾಡಿದ್ದರು. ಒಬ್ಬರಿಗೆ “ಸಾರಿ, ಆಳು ಆಯ್ತು”. ಇನ್ನೊಬ್ಬನಿಗೆ “ಈಗ ಆಗ್ಲಿಕ್ಕಿಲ್ಲ ಮಾರಾಯ, ಮತ್ತೆ ನೋಡುವ”. ಎರಡು ಮಕ್ಕಳ ತಾಯಿಯೊಬ್ಬರಿಗೆ “ಮಗಾ, ಬೇಡ”. ಒಂದೇ ಮೆಸೇಜಿನಲ್ಲಿ ‘ನೀವು’ ಅಂತ ಶುರು ಮಾಡಿ ‘ನಿನ್ನ’ ಅಂತ ಮುಗಿಸಿದ್ದೂ ಉಂಟು. ಇದನ್ನು ನಿಲ್ಲಿಸಿ, ಎಲ್ಲರಿಗೂ ಮರ್ಯಾದೆಯಿಂದ ಒಂದೇ ರೀತಿ ಬರೆಯೋಣ ಅಂದವನು ನಾನೇ. ನನಗೆ ಬರೆಯಲಿಕ್ಕೆ ಪುರುಸೊತ್ತಿಲ್ಲ. ಪರಿಚಯದವರೊಬ್ಬರು ‘ಬರೆದು ಕೊಡುವ’ ಒಬ್ಬನ ನಂಬರ್ ಕೊಟ್ಟರು.

ಮೆಸೇಜಿಗೆ 40 ರೂಪಾಯಿ ಅಂದ. 44 ಮೆಸೇಜಿಗೆ 1,760. ಅರ್ಧ ಮುಂಗಡ, 880 ಕಳಿಸಿದೆ. ಸ್ಯಾಂಪಲ್ ಅಂತ ಐದು ಕಳಿಸಿದ. ಓದಿದೆ, ಚೆನ್ನಾಗಿತ್ತು, ಓಕೆ ಅಂದೆ. ಉಳಿದ 39 ಬಂದಾಗ ಮೇಲಿಂದ ಮೇಲೆ ನೋಡಿ ಕಳಿಸಿಬಿಟ್ಟೆ. ಅಷ್ಟೇ ನನ್ನ ತಪ್ಪು. ಅಲ್ಲ, ಅಷ್ಟೇ ಅಲ್ಲ, ಮುಂದೆ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಶಟರ್ ಎತ್ತುವಾಗಲೇ ಕುಂಬಳೆಯಿಂದ ಇಬ್ಬರು ಹುಡುಗಿಯರು ಬಂದು ನಿಂತಿದ್ದರು. ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳು. ಇಬ್ಬರನ್ನೂ ನಾವು ಇಂಟರ್‌ವ್ಯೂಗೆ ಕರೆದಿರಲಿಲ್ಲ. ಏನೂ ಜಗಳವಿಲ್ಲ. ಸುಮ್ನೆ ಎರಡು ಫೋನು ತೆಗೆದು ಬಿಲ್ಲಿಂಗ್ ಟೇಬಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು.

ದೊಡ್ಡವಳಿಗೆ ಹೋದದ್ದು: “ತಮ್ಮಲ್ಲಿ ಅನುಭವದ ಕೊರತೆ ಕಂಡುಬಂದಿರುವುದರಿಂದ…”

ಚಿಕ್ಕವಳಿಗೆ ಹೋದದ್ದು: “ತಮ್ಮ ಅನುಭವ ನಮಗೆ ಮೆಚ್ಚುಗೆಯಾಗಿದೆ. ಮುಂದಿನ ದಿನಗಳಲ್ಲಿ ಅವಕಾಶ ಬಂದಾಗ ಖಂಡಿತ ಸಂಪರ್ಕಿಸುತ್ತೇವೆ.”

ಚಿಕ್ಕವಳು ಕಾಲೇಜು ಮುಗಿಸಿ ಮೂರು ತಿಂಗಳಾಗಿದೆ. ದೊಡ್ಡವಳು ಕೇಳಿದಳು: “ಅಣ್ಣ, ನಾಲ್ಕು ವರ್ಷ ಟ್ಯಾಲಿಯಲ್ಲಿ ಬಿಲ್ ಹೊಡೆದದ್ದು ಅನುಭವ ಅಲ್ವಾ?”

ನನ್ನ ಬಾಯಿಗೆ ಮಾತು ಬರಲಿಲ್ಲ. ಆ ಕಾರಣ ನಾವು ಹೇಳಿದ್ದೇ ಅಲ್ಲ! ನಾನು ಕೊಟ್ಟ ಶೀಟಿನಲ್ಲಿ ಕಾರಣದ ಕಾಲಂ ಖಾಲಿ ಇತ್ತು. ಆತ ತನ್ನ ತಲೆಯಿಂದ ತುಂಬಿಸಿದ್ದ.

ಮಧ್ಯಾಹ್ನ ಮಂಜೇಶ್ವರದ ಒಬ್ಬ ಹುಡುಗ ಫೋನ್ ಮಾಡಿದ. “ಸರ್, ಹಾಗಾದ್ರೆ ನಾನು ಯಾವಾಗ ಬರ್ಬೇಕು?” ಅವನಿಗೆ ಹೋದ ಸಾಲು ತೆಗೆದು ನೋಡಿದೆ: “ತಮ್ಮ ಅಮೂಲ್ಯ ಅರ್ಜಿಯನ್ನು ಪ್ರಸ್ತುತ ಸಂದರ್ಭದಲ್ಲಿ ಮುಂದಿನ ಹಂತಕ್ಕೆ ಕೊಂಡೊಯ್ಯುವ ಕುರಿತು ಪುನರಾಲೋಚಿಸಲಾಗುವುದು.” ಇದನ್ನು ಓದಿದರೆ ನಾನೂ ಕಾಯುತ್ತಿದ್ದೆ. ‘ಇಲ್ಲ’ ಎಂಬ ಮಾತು ಎಲ್ಲಿದೆ ಇದರಲ್ಲಿ? ಧಣಿಗಳ “ಆಳು ಆಯ್ತು” ಇದಕ್ಕಿಂತ ಎಷ್ಟೋ ವಾಸಿ. ಒರಟು, ಆದರೆ ಅರ್ಥವಾದರೂ ಆಗುತ್ತಿತ್ತು.

ಮಲಯಾಳದಲ್ಲಿ ಅರ್ಜಿ ಹಾಕಿದವರಿಗೂ ಕನ್ನಡದಲ್ಲೇ ಬರೆದಿದ್ದ, ಮದುವೆಯಾಗದವರನ್ನು ‘ಶ್ರೀಮತಿ’ ಮಾಡಿದ್ದ. ಅದು ಬೇರೆ ಕಥೆ.

ಆತನಿಗೆ ಫೋನ್ ಮಾಡಿದೆ. ಉತ್ತರ ಕೇಳಿ.

“ಸರ್, ಎಲ್ಲರಿಗೂ ಒಂದೇ ಬರೆದ್ರೆ ಕಾಪಿ ಪೇಸ್ಟ್ ಅಂತ ಗೊತ್ತಾಗ್ತದೆ. ಅದಕ್ಕೇ ವೆರೈಟಿ ಕೊಟ್ಟಿದ್ದೇನೆ.”

ಕಾರಣ ಯಾಕೆ ಹಾಕಿದ್ದು ಅಂದರೆ, “ಕಾಲಂ ಖಾಲಿ ಇತ್ತಲ್ವಾ, ಖಾಲಿ ಬಿಡ್ಲಿಕ್ಕೆ ಆಗ್ತದಾ?”

ಸರಿ ಮಾಡಿ ಕೊಡು ಅಂದರೆ, “ಸ್ಯಾಂಪಲ್ ಓಕೆ ಮಾಡಿದ್ದು ನೀವೇ. ರೀವರ್ಕಿಗೆ ಬೇರೆ ಚಾರ್ಜು, ಮೆಸೇಜಿಗೆ 15.”

ಆಗ ತಲೆಗೆ ಹೊಳೆಯಿತು. ಮೆಸೇಜಿಗೆ ಇಷ್ಟು ಅಂತ ದುಡ್ಡು ಮಾತಾಡಿದರೆ ಅವನು 44 ಬೇರೆ ಬೇರೆ ಬರೆಯಲೇಬೇಕು, ಇಲ್ಲದಿದ್ದರೆ 1,760 ಕೇಳುವುದು ಹೇಗೆ? ನಮಗೆ ಬೇಕಿದ್ದದ್ದು ಮೂರೇ ಮೂರು: ಇಂಟರ್‌ವ್ಯೂಗೆ ಕರೆಯದ 31 ಜನಕ್ಕೆ ಒಂದು, ಬಂದು ಹೋದ 11 ಜನಕ್ಕೆ ಒಂದು, ಕಾಯುವ ಪಟ್ಟಿಯ ಇಬ್ಬರಿಗೆ ಒಂದು. ಯಾರು ಎಲ್ಲಿಯವರೆಗೆ ಬಂದಿದ್ದರು ಅನ್ನುವುದರ ಮೇಲೆ ಮಾತು ಬದಲಾಗಬೇಕು, ಆಳಿನಿಂದ ಆಳಿಗೆ ಅಲ್ಲ. ಒಂದೇ ಗುಂಪಿನ ಇಬ್ಬರು ಫೋನು ಪಕ್ಕಪಕ್ಕ ಇಟ್ಟು ನೋಡಿದರೆ ಹೆಸರು ಬಿಟ್ಟು ಬೇರೆ ಏನೂ ವ್ಯತ್ಯಾಸ ಇರಬಾರದು. ಕುಂಬಳೆ, ಉಪ್ಪಳ ಅಂದರೆ ಎಷ್ಟು ದೂರ? ಇಲ್ಲಿ ಎಲ್ಲರೂ ಎಲ್ಲರ ನೆಂಟರೇ. ಫೋನು ತೋರಿಸಿಯೇ ತೋರಿಸುತ್ತಾರೆ.

ರಾತ್ರಿ ಕೂತು ನಾನೇ ಬರೆದೆ. ಬಂದು ಹೋದ 11 ಜನಕ್ಕೆ ಕಳಿಸಿದ್ದು ಇದು, ಕೆಳಗೆ ನನ್ನ ಹೆಸರು ಮತ್ತು ನಂಬರ್ ಹಾಕಿ:

“… ಅವರಿಗೆ ನಮಸ್ಕಾರ. ಉಪ್ಪಳ ಅಂಗಡಿಯ ಬಿಲ್ಲಿಂಗ್ ಕೆಲಸಕ್ಕೆ ನೀವು ಇಂಟರ್‌ವ್ಯೂಗೆ ಬಂದಿದ್ದಿರಿ. ಆ ಕೆಲಸಕ್ಕೆ ಬೇರೆ ಮೂವರನ್ನು ತೆಗೆದುಕೊಂಡಿದ್ದೇವೆ. ನಿಮ್ಮನ್ನು ತೆಗೆದುಕೊಳ್ಳಲು ಆಗಲಿಲ್ಲ. ಬಂದು ಮಾತಾಡಿದ್ದಕ್ಕೆ ಧನ್ಯವಾದ. ನೀವು ಕೊಟ್ಟ ಫೋಟೋ, ಸರ್ಟಿಫಿಕೇಟಿನ ಪ್ರತಿ ಬೇಕಿದ್ದರೆ ಅಂಗಡಿಯಿಂದ ತೆಗೆದುಕೊಳ್ಳಬಹುದು. ಮೊದಲು ಬಂದ ಮೆಸೇಜಿನ ಮಾತುಗಳು ನಮ್ಮ ತಪ್ಪಿನಿಂದ ಹೋದವು, ಅವನ್ನು ಬಿಟ್ಟುಬಿಡಿ.”

ಕಾರಣ ಬರೆಯಲಿಲ್ಲ. ಪ್ರತಿಯೊಬ್ಬರಿಗೂ ನಿಜವಾದ ಕಾರಣ ನಮ್ಮ ಪುಸ್ತಕದಲ್ಲಿ ಇಲ್ಲ, ಇಲ್ಲದ್ದನ್ನು ಬರೆದರೆ ಮತ್ತೆ ಅದೇ ಕಥೆ. ಕೇಳಿದವರಿಗೆ ಫೋನಿನಲ್ಲಿ ಇದನ್ನೇ ಹೇಳುತ್ತೇನೆ. ‘ಖಂಡಿತ’, ‘ಮುಂದಿನ ದಿನಗಳಲ್ಲಿ’ ಎಂಬ ಮಾತು ಮೂರರಲ್ಲಿ ಎಲ್ಲೂ ಹಾಕಲಿಲ್ಲ. ಕಾಯುವ ಪಟ್ಟಿಯ ಇಬ್ಬರಿಗೆ ಮಾತ್ರ ತಾರೀಕು ಹಾಕಿದೆ: ಇಂಥ ದಿನದೊಳಗೆ ನಾವು ಕರೆಯದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಮೂರೇ ಆದ್ದರಿಂದ ಮಲಯಾಳಕ್ಕೆ ತಿರುಗಿಸಲಿಕ್ಕೆ ನಮ್ಮ ಕ್ಯಾಶಿಯರಿಗೆ ಅರ್ಧ ಗಂಟೆ ಸಾಕಾಯಿತು. ಆಮೇಲೆ ಲೋಡಿಂಗಿನ ಹುಡುಗನಿಗೆ ಓದಲು ಕೊಟ್ಟೆ. “ಇವರಿಗೆ ಕೆಲಸ ಸಿಕ್ಕಿತಾ?” ಅಂದೆ. “ಇಲ್ಲಲ್ವಾ” ಅಂದ. ಅಷ್ಟು ಸಾಕು. ಹಿಂದಿನ ಮೆಸೇಜಿಗೆ ಇದೇ ಹುಡುಗ “ಸಿಕ್ಕಿರ್ಬೇಕು” ಅಂದಿದ್ದ.

ಇಲ್ಲಿ ಇನ್ನೊಂದು ಪೆಟ್ಟು ತಿಂದೆ. ಒಟ್ಟಿಗೆ ಹೋಗಲಿ ಅಂತ ವಾಟ್ಸಾಪ್ ಬ್ರಾಡ್‌ಕಾಸ್ಟಿನಲ್ಲಿ ಹಾಕಿದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುವುದು. ಅರ್ಜಿ ಹಾಕಿದವರು ಅಂಗಡಿಯ ನಂಬರ್ ಯಾಕೆ ಸೇವ್ ಮಾಡಿರುತ್ತಾರೆ? ಜಾಸ್ತಿ ಜನಕ್ಕೆ ಮುಟ್ಟಲೇ ಇಲ್ಲ. ಅದೂ ಅಲ್ಲದೆ ಬ್ರಾಡ್‌ಕಾಸ್ಟಿನಲ್ಲಿ ಹೆಸರು ಬದಲಾಗುವುದಿಲ್ಲ. ಕೊನೆಗೆ 44 ಜನಕ್ಕೂ ಒಬ್ಬೊಬ್ಬರಿಗೇ ಕಳಿಸಿದೆ.

ಹೊರಗಿನವರಿಗೆ ಕೊಡಲೇಬೇಕು ಅಂತಿದ್ದರೆ ಮೆಸೇಜಿಗೆ ಇಷ್ಟು ಅಂತ ಮಾತಾಡಬೇಡಿ, ಮೂರು ಒಕ್ಕಣೆಗೆ ಇಷ್ಟು ಅನ್ನಿ. ಸ್ಯಾಂಪಲ್ ಅವರು ಆರಿಸಿದ್ದು ನೋಡಬೇಡಿ. ಶೀಟಿನ ನಡುವಿನಿಂದ ನೀವೇ ಕೇಳಿ.

ಕುಂಬಳೆಯ ದೊಡ್ಡ ಹುಡುಗಿ ಬಂದು ತನ್ನ ಎರಡು ಫೋಟೋ ತೆಗೆದುಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ನಿನ್ನೆ ಆ ಬರೆಯುವವನ ಮೆಸೇಜು: “ಸರ್, ಬಾಕಿ 880 ಯಾವಾಗ ಹಾಕ್ತೀರಿ?” ಅವನಿಗೂ ಬರೆದೆ. ನಮಸ್ಕಾರ. ಬಾಕಿ 880 ನಾವು ಕೊಡುವುದಿಲ್ಲ. ಈ ವ್ಯವಹಾರ ಮುಗಿದಿದೆ.