ಮಿರರ್‌ಲೆಸ್ ಕ್ಯಾಮೆರಾವೇ ವೆಬ್‌ಕ್ಯಾಮ್: ಕ್ಯಾತ್ಸಂದ್ರದ ಮನೆಯಲ್ಲಿ 14 ತಿಂಗಳು

ಮದುವೆ ಫೋಟೋಗ್ರಫಿ ಬಿಟ್ಟ ಮೇಲೆ ನನ್ನ ಮಿರರ್‌ಲೆಸ್ ಕ್ಯಾಮೆರಾ ಬೀರುವಿನಲ್ಲಿ ಸುಮ್ನೆ ಕೂತಿತ್ತು. ಈಗ ಕೆಲಸ ಬೆಂಗಳೂರಿನ ಆಫೀಸಿಗೆ. ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗುತ್ತೇನೆ, ಉಳಿದ ದಿನ ತುಮಕೂರಿನ ಕ್ಯಾತ್ಸಂದ್ರದ ಮನೆಯಿಂದಲೇ ಮೀಟಿಂಗು. ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಸಂಜೆಯಾದರೆ ಮುಖವೆಲ್ಲ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಅದಕ್ಕೇ ಈ ಸಾಹಸ.

ಮೊದಲು ಯುಎಸ್‌ಬಿಯಲ್ಲೇ ನೋಡಿದೆ. ಕ್ಯಾಮೆರಾ ಕಂಪನಿಯ ಉಚಿತ ಸಾಫ್ಟ್‌ವೇರ್ ಹಾಕಿ ಕೇಬಲ್ ಚುಚ್ಚಿದರೆ ಆಯಿತು, ಖರ್ಚಿಲ್ಲ. ಆದರೆ ಬಂದ ಚಿತ್ರ 1024x576 ಮಾತ್ರ. ಬಣ್ಣ ಚೆನ್ನಾಗಿತ್ತು, ಚೂಪು ಇರಲಿಲ್ಲ. ಎರಡು ವಾರಕ್ಕೆ ಬಿಟ್ಟೆ. ನಿಮ್ಮ ಕ್ಯಾಮೆರಾ ನೇರವಾಗಿ ವೆಬ್‌ಕ್ಯಾಮ್ ಆಗಿ ಕೆಲಸ ಮಾಡುವ ಹೊಸ ಮಾದರಿಯಾದರೆ ಈ ತಾಪತ್ರಯ ಇರಲಿಕ್ಕಿಲ್ಲ, ಮೊದಲು ಅದನ್ನೇ ನೋಡಿ.

ಆಮೇಲೆ ಸುಮಾರು 900 ರೂಪಾಯಿಯ ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿ ತಂದೆ, ಕ್ಯಾಮೆರಾದ ಎಚ್‌ಡಿಎಂಐ ಚಿತ್ರವನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ದಾಟಿಸುವಂಥದ್ದು. ಹಾಕಿದ ತಕ್ಷಣ ಎರಡು ತಮಾಷೆ. ಒಂದು, ನನ್ನ ಮುಖದ ಮೇಲೆ ಬ್ಯಾಟರಿ ಗುರುತು, ಶಟರ್ ಸ್ಪೀಡು ಎಲ್ಲ ಕಂಡವು. ಮೆನುವಿನಲ್ಲಿ HDMI Info Display ಆಫ್ ಮಾಡಿದೆ, ಹೋಯಿತು. ಎರಡನೆಯದು, ಕೈ ಆಡಿಸಿದರೆ ಚಿತ್ರ ಜಟಕಾ ಗಾಡಿಯ ಹಾಗೆ ಎಗರುತ್ತಿತ್ತು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ವಿಷಯ ಬೇರೆ. ಈ ಕಡ್ಡಿ ಒಳಗೆ ಯುಎಸ್‌ಬಿ 2.0. ಅದರ ದಾರಿ ಸೆಕೆಂಡಿಗೆ 480 ಮೆಗಾಬಿಟ್, ಅದೂ ಕಾಗದದ ಮೇಲೆ. 1080ಪಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡದೆ ಸೆಕೆಂಡಿಗೆ 30 ಫ್ರೇಮ್ ಕಳಿಸಲು ಸುಮಾರು 1000 ಮೆಗಾಬಿಟ್ ಬೇಕು. ಅದಕ್ಕೇ ಒತ್ತದೆ ಕಳಿಸುವ YUY2 ಆರಿಸಿದರೆ 5 ಫ್ರೇಮ್ ಬರುತ್ತಿತ್ತು. ಒಬಿಎಸ್ ಎಂಬ ಉಚಿತ ವಿಡಿಯೋ ಸಾಫ್ಟ್‌ವೇರ್‌ನಲ್ಲಿ Video Format ಜಾಗದಲ್ಲಿ MJPEG ಆರಿಸಿದೆ, ಅದು ಒತ್ತಿ ಕಳಿಸುತ್ತದೆ, 30 ಫ್ರೇಮ್ ಬಂತು. ಡಬ್ಬಿ ಮೇಲೆ 4ಕೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಒಳಗೆ ತೆಗೆದುಕೊಳ್ಳುವ ಮಾತು, ಹೊರಗೆ ಕೊಡುವುದಲ್ಲ.

ನಿಜವಾದ ತಲೆನೋವು ದನಿಯದು. ಒಂದು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಹೆಂಡತಿ ಪಕ್ಕದ ಕೋಣೆಯಿಂದ ಫೋನಿನಲ್ಲಿ ಕರೆಗೆ ಸೇರಿ ನೋಡಿ, "ರೀ, ನೀವು ಮಾತಾಡಿ ಮುಗಿಸಿದ ಮೇಲೆ ಬಾಯಿ ಅಲ್ಲಾಡುತ್ತೆ, ಡಬ್ಬಿಂಗ್ ಸಿನಿಮಾ ಥರ" ಅಂದಳು. ಅಳೆದೇ ಬಿಡೋಣ ಎಂದು ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿದೆ. ಆ ಫೋನೂ ಲ್ಯಾಪ್‌ಟಾಪ್ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಇನ್ನೊಂದು ಫೋನಿನಿಂದ ಫೋಟೋ ತೆಗೆದೆ. ಫೋನಿನಲ್ಲಿ 12.61, ಪರದೆಯಲ್ಲಿ 12.43. ಅಂದರೆ ಚಿತ್ರ 0.18 ಸೆಕೆಂಡು ಹಿಂದೆ. ನನ್ನ ಯುಎಸ್‌ಬಿ ಮೈಕ್ ದನಿ ಮಾತ್ರ ತಡವಿಲ್ಲದೆ ಹೋಗುತ್ತಿತ್ತು.

ಒಬಿಎಸ್‌ನಲ್ಲಿ ದನಿಯನ್ನು ಬೇಕಾದಷ್ಟು ತಡಮಾಡುವ Sync Offset ಇದೆಯಲ್ಲ, ಅಲ್ಲಿ 180 ಮಿಲಿಸೆಕೆಂಡು ಹಾಕಿದೆ. ಒಂದು ಚೂರೂ ಬದಲಾಗಲಿಲ್ಲ. ಒಬಿಎಸ್‌ನಿಂದ ಮೀಟಿಂಗಿಗೆ ಚಿತ್ರ ದಾಟಿಸುವ ವರ್ಚುವಲ್ ಕ್ಯಾಮೆರಾ ಬರೀ ಚಿತ್ರ ಕಳಿಸುತ್ತದೆ. ದನಿಯನ್ನು ಮೀಟಿಂಗ್ ಆ್ಯಪ್ ಮೈಕಿನಿಂದಲೇ ನೇರ ಎತ್ತಿಕೊಳ್ಳುತ್ತದೆ, ಒಬಿಎಸ್ ಮಾತು ಕೇಳುವವರೇ ಇಲ್ಲ! ಕೊನೆಗೆ ಕೆಲಸಕ್ಕೆ ಬಂದದ್ದು ಮದುವೆ ಕಾಲದ ಹಳೇ ಕಾಲರ್ ಮೈಕ್. ಅದನ್ನು ಕ್ಯಾಮೆರಾದ ಮೈಕ್ ತೂತಿಗೇ ಹಾಕಿದೆ. ದನಿಯೂ ಚಿತ್ರವೂ ಒಂದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಬರುತ್ತವೆ, ತಡವಾದರೂ ಹೆಚ್ಚುಕಡಿಮೆ ಜೊತೆಗೇ ತಡ. ಒಬಿಎಸ್ ಬಿಟ್ಟು ಮೀಟಿಂಗ್‌ನಲ್ಲೇ ಕ್ಯಾಮೆರಾಗೂ ಮೈಕಿಗೂ ಆ ಕಡ್ಡಿಯನ್ನೇ ಆರಿಸಿದೆ. ನನ್ನ ಮಾತು ಕೇಳಿ ಉತ್ತರ ಬರಲು ಕಣ್ಣುಮುಚ್ಚಿ ತೆರೆಯುವಷ್ಟು ತಡವಾಗುತ್ತದೆ, ಅದಕ್ಕೆ ಒಗ್ಗಿಕೊಂಡಿದ್ದೇನೆ.

ಇನ್ನು ಕರೆಂಟು. ಬ್ಯಾಟರಿ ಜಾಗದಲ್ಲಿ ಕೂರುವ, ವೈರಿರುವ ಡಮ್ಮಿ ಬ್ಯಾಟರಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬದುಕಿರುತ್ತಿತ್ತು, ಕ್ಯಾಮೆರಾ ಸಾಯುತ್ತಿತ್ತು. ಈಗ ನಿಜವಾದ ಬ್ಯಾಟರಿ ಒಳಗಿಟ್ಟು, ಖಾಲಿಯಾಗಿರುವ ಯುಎಸ್‌ಬಿ ತೂತಿಗೆ ಪವರ್ ಬ್ಯಾಂಕ್ ಕೊಟ್ಟಿದ್ದೇನೆ, USB Power Supply ಆನ್. ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆ ದಾಟಿದರೆ ಮೈ ಸುಡುತ್ತದೆ. Auto Power OFF Temp. ಅನ್ನು High ಮಾಡಿ, ಹಿಂದಿನ ಪರದೆಯನ್ನು ಹೊರಗೆಳೆದು ಗಾಳಿ ಆಡಲು ಬಿಟ್ಟ ಮೇಲೆ ಆಫ್ ಆಗಿಲ್ಲ. ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಓಡಿದರೆ ಶಟರ್ 1/50ಕ್ಕೆ ತನ್ನಿ, ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ.

ಚಿತ್ರದ ಬಗ್ಗೆ ಹೇಳಲೇಬೇಕು: ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನಲ್ಲಿ ಹಿನ್ನೆಲೆ ಸಿನಿಮಾ ಥರ ಮಂಜಾಗುವುದಿಲ್ಲ. ಮೀಟಿಂಗ್ ಆ್ಯಪ್‌ಗಳು ಹೇಗೂ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿಯೇ ಕಳಿಸುತ್ತವೆ. ಗೆದ್ದಿದ್ದು ಸಂಜೆಯ ಬೆಳಕಿನಲ್ಲಿ, ಮುಖಕ್ಕೆ ಮುಖದ ಬಣ್ಣ ಬಂತು. ಇದಕ್ಕಾಗಿ ಹೊಸ ಕ್ಯಾಮೆರಾ ಕೊಳ್ಳುವುದು ದಂಡ, ಇದ್ದರೆ ಬಳಸಿ.

ಒಂದು ಭಯ ಉಳಿದಿದೆ, ಮೈಕ್ರೋ ಎಚ್‌ಡಿಎಂಐ ತೂತು. ತೀರಾ ಸಣ್ಣದು, ಕೇಬಲ್ ಭಾರಕ್ಕೇ ಸಡಿಲವಾಗುತ್ತದೆ. ಎಂಟನೇ ತಿಂಗಳಲ್ಲಿ ಮೇಜಿಗೆ ಮೊಣಕೈ ತಗುಲಿದರೆ ಪರದೆ ಕಪ್ಪಾಗತೊಡಗಿತು. ಈಗ ಕೇಬಲ್ಲನ್ನು ಹಳೇ ಸೀರೆ ಅಂಚಿನ ತುಂಡಿನಿಂದ ಟ್ರೈಪಾಡ್ ಕಾಲಿಗೆ ಕಟ್ಟಿದ್ದೇನೆ, ತೂತಿನ ಹತ್ತಿರ ಎರಡು ಬೆರಳು ಸಡಿಲ ಬಿಟ್ಟು. ಆರು ತಿಂಗಳಿಂದ ಬಿಚ್ಚಿಲ್ಲ.