ವೈಡ್, ಮಿಡ್, ಕ್ಲೋಸಪ್: ಹೂ ಕಟ್ಟುವವರ ವಿಡಿಯೊಗೆ ಯಾವುದು ಎಷ್ಟು ಬೇಕು?

ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ನನ್ನ ಓಟು ಮಿಡ್ ಶಾಟ್‌ಗೆ. ಹೊಸದಾಗಿ ವಿಡಿಯೊ ಮಾಡುವವರು ಒಂದೋ ಇಡೀ ಬೀದಿಯನ್ನು ವೈಡ್‌ನಲ್ಲಿ ತುಂಬಿಕೊಂಡು ಬರುತ್ತಾರೆ, ಇಲ್ಲವೇ ಚೆಂದದ ಕ್ಲೋಸಪ್‌ಗಳನ್ನಷ್ಟೇ ತರುತ್ತಾರೆ. ಎರಡರಲ್ಲೂ ನೋಡುವವರಿಗೆ ‘ಯಾರು ಏನು ಮಾಡ್ತಿದ್ದಾರೆ’ ಅನ್ನುವುದು ಸಿಗುವುದಿಲ್ಲ. ಹೋಲಿಕೆಗೆ ಒಂದೇ ವಿಷಯ ಇಟ್ಟುಕೊಳ್ಳೋಣ: ಗಾಂಧಿ ಬಜಾರಿನಲ್ಲಿ ಕೂತು ಮಲ್ಲಿಗೆ ಕಟ್ಟಿ ಮಾರುವ ಒಬ್ಬ ಹೂವಮ್ಮ, ಅರ್ಧ ನಿಮಿಷದ ವಿಡಿಯೊ, ಅಡ್ಡಲಾಗಿ ಹಿಡಿದ ಫೋನ್. ಟ್ರೈಪಾಡ್ ಇಲ್ಲ.

ವೈಡ್ ಹೇಳುವುದು ಜಾಗವನ್ನು. ಬುಟ್ಟಿಗಳ ಸಾಲು, ಅಂಗಡಿಗಳು, ಓಡಾಡುವ ಜನ, ಅದರ ನಡುವೆ ಈ ಅಮ್ಮ. ಇಷ್ಟು ಹೇಳಲು ಒಂದೇ ವೈಡ್ ಸಾಕು. ತೊಂದರೆ ಅಳತೆಯದು. ಎಂಟು ಮೀಟರ್ ದೂರದಿಂದ 1x ಲೆನ್ಸ್‌ನಲ್ಲಿ ತೆಗೆದರೆ ಫ್ರೇಮಿನ ಎತ್ತರ ಸುಮಾರು ಆರು ಮೀಟರ್ ಜಾಗವನ್ನು ನುಂಗುತ್ತದೆ. ನೋಡುವವರು ಫೋನನ್ನು ನೆಟ್ಟಗೆ ಹಿಡಿದೇ ನೋಡಿದರೆ ಅಮ್ಮನ ಮುಖ ಸಾಸಿವೆ ಕಾಳಿನಷ್ಟಾಗುತ್ತದೆ. ಅದಕ್ಕೇ ಮೂರು ಮೀಟರ್‌ಗೆ ಬನ್ನಿ: ಅಮ್ಮನೂ ಬುಟ್ಟಿಯೂ ಪೂರ್ತಿ ಬರುತ್ತವೆ, ಅಕ್ಕಪಕ್ಕದ ಅಂಗಡಿಯೂ ಸ್ವಲ್ಪ ಕಾಣುತ್ತದೆ. ಜಾಗ ಸಾಲದು ಅಂತ 0.5x ಒತ್ತಿದರೆ ಅಂಚಿನಲ್ಲಿರುವವರು ಎಳೆದಂತೆ ಕಾಣುತ್ತಾರೆ, ಅಮ್ಮ ಇನ್ನೂ ಚಿಕ್ಕವರಾಗುತ್ತಾರೆ. ವೈಡ್‌ನಲ್ಲಿ ನೋಡಲು ಹೆಚ್ಚಿರುವುದರಿಂದ ಐದಾರು ಸೆಕೆಂಡ್ ಅಲುಗಾಡದೆ ಹಿಡಿಯಬೇಕು. ನಡುವೆ ಆಟೋ ಅಡ್ಡ ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಫ್ರೇಮನ್ನು ಆಟೋ ಮುಚ್ಚಿದ ಆ ಕ್ಷಣ ಮುಂದಿನ ಶಾಟ್‌ಗೆ ಕತ್ತರಿಸಲು ಒಳ್ಳೆಯ ಜಾಗ.

ಇನ್ನು ಮಿಡ್. ಸೊಂಟದಿಂದ ಮೇಲೆ, ತಲೆಯ ಮೇಲೆ ಸ್ವಲ್ಪ ಜಾಗ. ಹೂ ಕಟ್ಟುವವರ ಕೈ ಮಡಿಲ ಹತ್ತಿರ ಇರುತ್ತದೆ, ಆದ್ದರಿಂದ ಕೆಳಗಿನ ಅಂಚು ಮಣಿಕಟ್ಟಿನಲ್ಲಿ ಕತ್ತರಿಸದಂತೆ ಮಡಿಲವರೆಗೂ ಇಳಿಸಿ. 1x ಲೆನ್ಸ್ ಆದರೆ ಒಂದೂಕಾಲು ಮೀಟರ್ ದೂರ ಸಾಕು. ಮುಖ, ಕೈ, ಮಾಲೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವುದು ಇಲ್ಲಿ ಮಾತ್ರ. ಮೊಳ ಅಳೆಯುವುದನ್ನೇ ನೋಡಿ. ಮಾಲೆಯನ್ನು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಎಳೆದು ಹಿಡಿಯುತ್ತಾರೆ. ಕ್ಲೋಸಪ್‌ನಲ್ಲಿ ಆ ಕೈ ಫ್ರೇಮಿನಿಂದ ಆಚೆ ಹೋಗುತ್ತದೆ, ದೂರದ ವೈಡ್‌ನಲ್ಲಿ ಮಾಲೆಯೇ ಕಾಣುವುದಿಲ್ಲ. ಮಿಡ್‌ನಲ್ಲಿ ಅಳತೆಯೂ, ಅಳೆಯುವಾಗ ಗಿರಾಕಿಯ ಕಡೆ ನೋಡುವ ನೋಟವೂ ಎರಡೂ ಸಿಗುತ್ತವೆ. ಮಾತೂ ಫೋನಿನ ಮೈಕಿಗೇ ಚೆನ್ನಾಗಿ ಕೇಳುವ ದೂರ ಇದು.

ಒಂದೇ ಷರತ್ತು, ನೀವೂ ಕೂರಬೇಕು. ನಿಂತು ತೆಗೆದರೆ ನೆತ್ತಿ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಮೊದಲು ಕೇಳಿ ಒಪ್ಪಿಗೆ ಪಡೆದು, ‘ಅಮ್ಮಾ, ನೀವು ಕಟ್ತಾ ಇರಿ, ಫೋನ್ ಕಡೆ ನೋಡ್ಬೇಡಿ’ ಅಂದುಬಿಡಿ.

ಮಿಡ್‌ಗೂ ಒಂದು ದೌರ್ಬಲ್ಯ ಇದೆ. ಒಂದು ಮಿಡ್ ಪಕ್ಕ ಅದೇ ಕೋನದ ಇನ್ನೊಂದು ಮಿಡ್ ಜೋಡಿಸಿದರೆ ಅಮ್ಮನ ತಲೆ ತಟ್ಟನೆ ಜಿಗಿದಂತೆ ಕಾಣುತ್ತದೆ. ಇದನ್ನೇ ಜಂಪ್ ಕಟ್ ಅನ್ನುವುದು. ನಡುವೆ ಬೇರೆ ಗಾತ್ರದ ಶಾಟ್ ಇರಬೇಕು, ಅದಕ್ಕೇ ಕ್ಲೋಸಪ್ ಬೇಕಾಗುವುದು. ಆದರೆ ಮೂರರಲ್ಲಿ ಅತಿ ಹೆಚ್ಚು ಕಾಟ ಕೊಡುವುದೂ ಕ್ಲೋಸಪ್ಪೇ.

ಕಾಟದ ಮೂಲ ಮಾಲೆಯ ಉದ್ದ. ಮಿಡ್ ತೆಗೆಯುವಾಗ ಮಾಲೆ ಗೇಣುದ್ದ ಇರುತ್ತದೆ. ಹತ್ತು ನಿಮಿಷ ಬಿಟ್ಟು ಕ್ಲೋಸಪ್ ತೆಗೆಯುವ ಹೊತ್ತಿಗೆ ಮಡಿಲಲ್ಲಿ ಸುರುಳಿ ಬಿದ್ದಿರುತ್ತದೆ. ಎಡಿಟ್‌ನಲ್ಲಿ ಮಿಡ್, ಕ್ಲೋಸಪ್, ಮತ್ತೆ ಅದೇ ಮಿಡ್ ಅಂತ ಜೋಡಿಸಿದರೆ ಮಾಲೆ ಬೆಳೆದು, ಮರುಕ್ಷಣ ಕುಗ್ಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ನಡುವೆ ಗಿರಾಕಿ ಬಂದು, ಅಮ್ಮ ಮಲ್ಲಿಗೆ ಬಿಟ್ಟು ಕನಕಾಂಬರ ಹಿಡಿದಿದ್ದರಂತೂ ಆ ಎರಡು ಶಾಟ್ ಜೋಡಿಸುವ ಹಾಗೇ ಇಲ್ಲ.

ಪರಿಹಾರ ಚೌಕಟ್ಟಿನಲ್ಲೇ ಇದೆ. 2x ಇಟ್ಟು ಸುಮಾರು ನಲವತ್ತು ಸೆಂಟಿಮೀಟರ್ ದೂರದಿಂದ ತೆಗೆಯಿರಿ. ಎರಡೂ ಕೈ, ಹೂವು, ದಾರ ಹಿಡಿಸುತ್ತವೆ, ಕಟ್ಟಿ ಮುಗಿದ ಭಾಗ ಫ್ರೇಮಿನ ಹೊರಗೆ ಉಳಿಯುತ್ತದೆ. ಉದ್ದವೇ ಕಾಣದಿದ್ದರೆ ಉದ್ದದ ತಪ್ಪೂ ಕಾಣುವುದಿಲ್ಲ. ಗಂಟು ಹಾಕುವುದು ಮತ್ತೆ ಮತ್ತೆ ನಡೆಯುವ ಕೆಲಸವಾದ್ದರಿಂದ, ಮಿಡ್‌ನಲ್ಲೂ ಕ್ಲೋಸಪ್‌ನಲ್ಲೂ ಐದಾರು ಗಂಟಾಗುವವರೆಗೆ ಬಿಡದೆ ರೆಕಾರ್ಡ್ ಮಾಡಿ. ಆಮೇಲೆ ಎರಡರಲ್ಲೂ ದಾರ ಎಳೆದು ಬಿಗಿಸುವ ಚಲನೆಯನ್ನು ಹುಡುಕಿ, ಅದರ ಮಧ್ಯದಲ್ಲೇ ಕತ್ತರಿಸಿ. ಎಳೆತ ಮಿಡ್‌ನಲ್ಲಿ ಶುರುವಾಗಿ ಕ್ಲೋಸಪ್‌ನಲ್ಲಿ ಮುಗಿದರೆ ಕಟ್ ಕಣ್ಣಿಗೆ ಬೀಳುವುದೇ ಇಲ್ಲ. ಕ್ಲೋಸಪ್‌ಗೆ ಬರುವಾಗ ಕೂತ ಜಾಗದಿಂದ ಸುಮಾರು ಮೂವತ್ತು ಡಿಗ್ರಿ ಪಕ್ಕಕ್ಕೂ ಸರಿಯಿರಿ. ಆದರೆ ಅಮ್ಮನ ಇನ್ನೊಂದು ಬದಿಗೆ ದಾಟಬೇಡಿ, ಎಳೆತದ ದಿಕ್ಕೇ ತಿರುಗಿಬಿಡುತ್ತದೆ.

ಇನ್ನೂ ಹತ್ತಿರ ಹೋಗುವ ಆಸೆಯಾಗುತ್ತದೆ. ಹೋದರೆ ಹಲವು ಫೋನ್‌ಗಳಲ್ಲಿ ಮುಖ್ಯ ಲೆನ್ಸ್‌ಗೆ ಫೋಕಸ್ ಸಿಗದೆ, ರೆಕಾರ್ಡಿಂಗ್ ನಡುವೆಯೇ ಅಲ್ಟ್ರಾವೈಡ್ ಲೆನ್ಸ್‌ಗೆ ಬದಲಾಗುತ್ತದೆ. ಹಿನ್ನೆಲೆ ಒಮ್ಮೆ ಜಿಗಿದು ಬಣ್ಣ ಬದಲಾದರೆ ಇದೇ ಕಾರಣ. ಐಫೋನ್‌ನ ಇಂಥ ಮಾಡೆಲ್‌ಗಳಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನ Record Video ಒಳಗೆ Lock Camera ಆನ್ ಮಾಡಿದರೆ ಲೆನ್ಸ್ ಬದಲಾಗುವುದು ನಿಲ್ಲುತ್ತದೆ. ಬೇರೆ ಫೋನಾದರೆ ಹಿಂದೆ ಸರಿದು 2x ಬಳಸುವುದು ಸುಲಭದ ದಾರಿ. ಮಲ್ಲಿಗೆಯ ಬಿಳುಪು ಫ್ರೇಮ್ ತುಂಬಿದಾಗ ಫೋನ್ ಬೆಳಕು ತಗ್ಗಿಸುತ್ತದೆ, ಅಮ್ಮನ ಕೈ ಕಪ್ಪಾಗುತ್ತದೆ. ಪರದೆಯ ಮೇಲೆ ಕೈ ಇರುವ ಕಡೆ ಒತ್ತಿ ಹಿಡಿದು, AE/AF LOCK ಬಂದ ಮೇಲೆ ರೆಕಾರ್ಡ್ ಶುರು ಮಾಡಿ.

ಜೋಡಿಸುವ ಕ್ರಮ ನಾನು ಇಡುವುದು ಹೀಗೆ. ಮೊದಲು ಗಂಟು ಬೀಳುವ ಕ್ಲೋಸಪ್, ಮೂರು ಸೆಕೆಂಡ್. ಆ ಕೈ ಯಾರದು ಅಂತ ಹೇಳುವ ಮಿಡ್, ಆರು. ಬುಟ್ಟಿಯಿಂದ ಹೂ ಎತ್ತುವ ಕ್ಲೋಸಪ್, ಮೂರು. ಈಗ ವೈಡ್, ಆರು. ಅದರಲ್ಲೇ ಗಿರಾಕಿ ಬಂದು ನಿಲ್ಲಲಿ. ಮೊಳ ಹಾಕುವ ಮಿಡ್, ಏಳು. ದಾರ ತುಂಡಾಗುವ ಕ್ಲೋಸಪ್, ಎರಡು. ಸುತ್ತಿ ಕೊಡುವ ಮಿಡ್, ಐದು. ಒಟ್ಟು ಮೂವತ್ತೆರಡು ಸೆಕೆಂಡಿನಲ್ಲಿ ಹದಿನೆಂಟು ಮಿಡ್‌ನದು. ವೈಡನ್ನು ಮೊದಲಿಗೇ ಇಡಬೇಕೆಂಬ ಕಟ್ಟಳೆಯೇನಿಲ್ಲ. ಯಾರನ್ನು ನೋಡಬೇಕೆಂದು ಗೊತ್ತಾದ ಮೇಲೆ ಬರುವ ವೈಡ್‌ನಲ್ಲಿ ಕಣ್ಣು ನೇರ ಅಮ್ಮನ ಕಡೆಗೇ ಹೋಗುತ್ತದೆ.

ಒಬ್ಬನೇ ಹೋಗಿ, ಒಂದೇ ಫೋನಿನಲ್ಲಿ, ಕೆಲಸ ಮಾಡುವವರನ್ನು ತೆಗೆಯುವ ನನ್ನ ಅಭ್ಯಾಸಕ್ಕೆ ಈ ಲೆಕ್ಕ. ಕಡಲೆಕಾಯಿ ಪರಿಷೆಗೆ ಹೊರಟವರಿಗೆ ಜನಸಾಗರವೇ ವಿಷಯ, ಅಲ್ಲಿ ವೈಡ್ ಹೆಚ್ಚಿರಲಿ. ರಂಗೋಲಿ ಕಲಿಸುವ ವಿಡಿಯೊ ಆದರೆ ಬೆರಳೇ ಮುಖ್ಯ, ಕ್ಲೋಸಪ್‌ಗೆ ಮೊದಲ ಸ್ಥಾನ. ಫೋನಿಗೆ ಸಿಕ್ಕಿಸುವ ವೈಡ್ ಲೆನ್ಸ್‌ಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ, ಅಗ್ಗದವುಗಳಲ್ಲಿ ಅಂಚು ಮಸುಕಾಗುತ್ತದೆ. ಆ ದುಡ್ಡಿಗೆ ಮಡಚುವ ಸ್ಟೂಲ್ ತಗೊಳ್ಳಿ: ಹೂವಮ್ಮನ ಕಣ್ಣಿನ ಮಟ್ಟಕ್ಕೆ ಕೂತು, ಮೊಣಕೈ ಎರಡನ್ನೂ ಮಂಡಿಗೆ ಊರಿ, ಮಿಡ್ ಶಾಟನ್ನು ಅಲುಗಾಡದೆ ಹಿಡಿಯಬಹುದು.